ಮೊತ್ತದಿಂದ ಮರೆಯಾದ ಶಹಾಪುರ

ಯಾದಗಿರಿ, ಶಹಾಪುರ, ಸುರಪುರ ಎಂಬ ಮೂರು ತಾಲ್ಲೂಕುಗಳಿಗೆ ಬೇಕಾದ ಪಠ್ಯಪುಸ್ತಕಗಳ ಲೆಕ್ಕವನ್ನು ಗಣಕದ ಎಕ್ಸೆಲ್ ಹಾಳೆಯಲ್ಲಿ ಬರೆದಿದೆಯೆಂದು ಭಾವಿಸೋಣ. ಅಂಕಿಗಳು ಉದಾಹರಣೆಗಾಗಿ ನಾವೇ ಕಲ್ಪಿಸಿಕೊಂಡವು. ಹಾಳೆಯೇ ನಮ್ಮ ಕೈಯಲ್ಲಿಲ್ಲ. ಅದರ ಸ್ಕ್ರೀನ್‌ಶಾಟ್, ಎಂದರೆ ಪರದೆಯ ಚಿತ್ರ, ಮಾತ್ರ ಇದೆ.

```
     A          B
2  ಯಾದಗಿರಿ       4200
3  ಶಹಾಪುರ   3850
4  ಸುರಪುರ        4100
5  ಒಟ್ಟು          8300
```

ಚಿತ್ರದ ಮೇಲ್ಭಾಗದ ಸೂತ್ರಪಟ್ಟಿಯಲ್ಲಿ `=SUM(B2:B4)` ಎಂದಿದೆ. ಬರಬೇಕಾದ ಮೊತ್ತ 12150, ಬಂದಿರುವುದು 8300. ಈ ಮೊತ್ತದಂತೆ ಪುಸ್ತಕಗಳನ್ನು ತರಿಸಿದರೆ 3850 ಮಕ್ಕಳು ಬರಿಗೈಯಲ್ಲಿ ಉಳಿಯುವರು. ಕೊರತೆಯು ಶಹಾಪುರದ ಅಂಕಿಗೆ ಸರಿಸಮನಾಗಿದೆ ಎಂಬುದೇ ನಮಗೆ ದೊರೆತ ಮೊದಲನೆಯ ಸುಳಿವು.

ಸೂತ್ರದ ವ್ಯಾಪ್ತಿ ತಪ್ಪಿರಬಹುದೇ? ವ್ಯಾಪ್ತಿಯು ಎಡೆಬಿಡದ ಸಾಲು. ಅದು ಮೊಟಕಾದರೆ ತುದಿಯ ಮನೆಗಳು ಬಿಟ್ಟುಹೋಗುವುವೇ ಹೊರತು ನಡುವಿನದಲ್ಲ. ರೈನ್‌ಹಾರ್ಟ್ ಮತ್ತು ರೊಗಾಫ್ ಎಂಬ ಅರ್ಥಶಾಸ್ತ್ರಜ್ಞರ ಹಾಳೆಯಲ್ಲಿ ಹೀಗೆಯೇ ಆಗಿತ್ತು. 49ನೆಯ ಸಾಲಿನವರೆಗೆ ಹೋಗಬೇಕಿದ್ದ ಸರಾಸರಿಯ ಸೂತ್ರ 44ರಲ್ಲಿಯೇ ನಿಂತು, ಕೊನೆಯ ಐದು ದೇಶಗಳು ಲೆಕ್ಕದಿಂದ ಹೊರಗುಳಿದುವು. ಥಾಮಸ್ ಹರ್ನ್‌ಡನ್ ಎಂಬ ವಿದ್ಯಾರ್ಥಿ ಅದನ್ನು ಕಂಡುಹಿಡಿದ ಸಂಗತಿ 2013ರಲ್ಲಿ ಹೊರಬಿತ್ತು. ನಮ್ಮ ಹಾಳೆಯಲ್ಲಿ ಕಾಣೆಯಾದದ್ದು ನಡುವಿನ ಮನೆ. ಆದುದರಿಂದ ದೋಷ ಸೂತ್ರದಲ್ಲಿಲ್ಲ, ಆ ಮನೆಯಲ್ಲಿಯೇ ಇದೆ.

ಈಗ ಚಿತ್ರವನ್ನು ಮತ್ತೊಮ್ಮೆ ನೋಡಿರಿ. ಉಳಿದ ಅಂಕಿಗಳು ಮನೆಯ ಬಲ ಅಂಚಿಗೆ ಒತ್ತಿಕೊಂಡಿವೆ. 3850 ಮಾತ್ರ ಎಡಕ್ಕೆ ಸರಿದಿದೆ. ಎಕ್ಸೆಲ್ ತಾನಾಗಿ ಸಂಖ್ಯೆಯನ್ನು ಬಲಕ್ಕೂ ಪಠ್ಯವನ್ನು ಎಡಕ್ಕೂ ಇಡುತ್ತದೆ. ಎಂದರೆ ಈ 3850 ಅದರ ಪಾಲಿಗೆ ಸಂಖ್ಯೆಯಲ್ಲ, ನಾಲ್ಕು ಅಕ್ಷರಗಳ ಒಂದು ಪದ. `SUM` ತನ್ನ ವ್ಯಾಪ್ತಿಯೊಳಗಿನ ಪಠ್ಯವನ್ನು ಸದ್ದಿಲ್ಲದೆ ದಾಟಿಹೋಗುತ್ತದೆ. ಮನೆಯನ್ನು ಮೊದಲೇ ಪಠ್ಯಕ್ಕೆಂದು ಗೊತ್ತುಮಾಡಿದ್ದರೆ, ಅಥವಾ ಅಂಕಿಯ ಮುಂದೆ ' ಚಿಹ್ನೆಯನ್ನು ಒತ್ತಿದ್ದರೆ ಹೀಗಾಗುತ್ತದೆ.

ಯಾರಾದರೂ ಅಂಕಿಗಳನ್ನೆಲ್ಲ ನಡುವಿಗೆ ಜೋಡಿಸಿದ್ದರೆ ಈ ಗುರುತು ಅಳಿಸಿಹೋಗುತ್ತದೆ. ಆದುದರಿಂದ ಚಿತ್ರದಿಂದ ಹುಟ್ಟಿದ ಸಂಶಯವನ್ನು ಹಾಳೆಯಲ್ಲಿಯೇ ಪರೀಕ್ಷಿಸಬೇಕು:

```
=ISTEXT(B3)
```

ಉತ್ತರ `TRUE` ಎಂದಾದರೆ ಸಂಶಯ ನಿಜ. `=B2+B3+B4` ಎಂದು ಬರೆದು ನೋಡಿದರೆ ಮಾತ್ರ 12150 ಬರುತ್ತದೆ. ಏಕೆಂದರೆ ಕೂಡುವ ಚಿಹ್ನೆಯು ಸಂಖ್ಯೆಯಂತಿರುವ ಪಠ್ಯವನ್ನು ಸಂಖ್ಯೆಯಾಗಿ ಮಾರ್ಪಡಿಸಿಕೊಳ್ಳುತ್ತದೆ. ಒಂದೇ ಹಾಳೆಯಲ್ಲಿ ಎರಡು ಮೊತ್ತಗಳು ಹುಟ್ಟುವುದು ಹೀಗೆ.

ಮನೆಯ ಬಗೆಯನ್ನು ಸಂಖ್ಯೆಯೆಂದು ಬದಲಿಸಿದ ಮಾತ್ರಕ್ಕೆ ಒಳಗಿರುವ ಪಠ್ಯ ಬದಲಾಗದು. ಹಾಗೆ ಬದಲಿಸಿದ ಮೇಲೆ 3850 ಎಂದು ಪುನಃ ಬರೆಯಬೇಕು. ಅಂಕಿ ಬಲಕ್ಕೆ ಸರಿಯುತ್ತದೆ. ಒಟ್ಟು 12150 ಆಗುತ್ತದೆ.