ಪ್ರಶ್ನೆ ಅರ್ಥವಾಗಬೇಕು, ಉತ್ತರ ಸೋರಬಾರದು

'ಎಲೆಯ ಮೇಲಿನ ಅಯೋಡಿನ್ ಪ್ರಯೋಗದ ಬಗ್ಗೆ ಬರೆಯಿರಿ. (4 ಅಂಕ)' ಇಂಥ ಪ್ರಶ್ನೆ ಕೊಟ್ಟರೆ ಒಬ್ಬ ಹುಡುಗ ಚಿತ್ರ ಬರೆಯುತ್ತಾನೆ, ಇನ್ನೊಬ್ಬಳು ಪ್ರಯೋಗದ ಹಂತಗಳನ್ನು ಪಟ್ಟಿ ಮಾಡುತ್ತಾಳೆ, ಮತ್ತೊಬ್ಬ ಫಲಿತಾಂಶವನ್ನಷ್ಟೇ ಹೇಳಿ ಮುಗಿಸುತ್ತಾನೆ. ಮೂವರಿಗೂ ಪಾಠ ಗೊತ್ತಿದೆ. ಗೊತ್ತಾಗದೆ ಉಳಿದದ್ದು, ಏನು ಬರೆಯಬೇಕೆಂಬುದು.

ಇದನ್ನು ಸರಿಪಡಿಸಲು ಹೊರಟ ಮೇಷ್ಟ್ರು ಹೀಗೆ ಬರೆದರು ಎನ್ನೋಣ: 'ಬೆಳಕು ಬೀಳದ ಭಾಗದಲ್ಲಿ ಪಿಷ್ಟ ತಯಾರಾಗುವುದಿಲ್ಲ ಎಂದು ತೋರಿಸಲು ಎಲೆಗೆ ಕಪ್ಪು ಕಾಗದ ಏಕೆ ಮುಚ್ಚುತ್ತಾರೆ?' ಈಗ ಗೊಂದಲವೇನೋ ಹೋಯಿತು, ಆದರೆ ಉತ್ತರವೂ ಪ್ರಶ್ನೆಯೊಳಗೇ ಬಂದು ಕೂತಿತು. ಪಾಠ ಓದದವರೂ ವಾಕ್ಯವನ್ನು ಸ್ವಲ್ಪ ತಿರುಗಿಸಿ ಬರೆದು ಅಂಕ ಪಡೆಯಬಹುದು.

ಪ್ರಯೋಗದ ಸನ್ನಿವೇಶವನ್ನು ಪೂರ್ತಿ ಕೊಟ್ಟು, ತೀರ್ಮಾನವನ್ನು ಮಾತ್ರ ಮಕ್ಕಳಿಗೆ ಬಿಡುವುದು ಸರಿಯಾದ ದಾರಿ:

'ಕುಂಡದ ಗಿಡವನ್ನು 3 ದಿನ ಕತ್ತಲಲ್ಲಿಟ್ಟು, ಒಂದು ಎಲೆಯ ಅರ್ಧಕ್ಕೆ ಎರಡೂ ಬದಿ ಕಪ್ಪು ಕಾಗದ ಮುಚ್ಚಿ, 6 ಗಂಟೆ ಬಿಸಿಲಿನಲ್ಲಿಡಲಾಯಿತು. ನಂತರ ಆ ಎಲೆಯ ಹಸಿರನ್ನು ತೆಗೆದು, ಅಯೋಡಿನ್ ದ್ರಾವಣ ಹಾಕಲಾಯಿತು. (ಅ) ಎಲೆಯ ಪ್ರತಿ ಭಾಗದಲ್ಲಿ ಯಾವ ಬಣ್ಣ ಕಾಣುತ್ತದೆ? (2) (ಆ) ಅದಕ್ಕೆ ಕಾರಣವೇನು? (1) (ಇ) ಗಿಡವನ್ನು ಮೊದಲು ಕತ್ತಲಲ್ಲಿಟ್ಟದ್ದು ಏಕೆ? (1)'

ಇಲ್ಲಿ ಎರಡನೆಯ ಉಪಪ್ರಶ್ನೆಯನ್ನು ಗಮನಿಸಿ. 'ಮುಚ್ಚಿದ ಭಾಗ ನೀಲಿಗಪ್ಪು ಆಗಲಿಲ್ಲವೇಕೆ?' ಎಂದು ಕೇಳಿದ್ದರೆ ಮೊದಲನೆಯದರ ಉತ್ತರ ಅಲ್ಲೇ ಸಿಕ್ಕಿಬಿಡುತ್ತಿತ್ತು. 'ಬಣ್ಣದ ವ್ಯತ್ಯಾಸಕ್ಕೆ ಕಾರಣವೇನು?' ಎಂದರೂ ಬಣ್ಣ ಬೇರೆಬೇರೆ ಎಂಬ ಸುಳಿವು ಹೊರಬೀಳುತ್ತದೆ. ಹಾಗಾಗಿ ಪತ್ರಿಕೆ ಸಿದ್ಧವಾದ ಮೇಲೆ ಒಂದು ಪ್ರಶ್ನೆಯ ಉತ್ತರ ಇನ್ನೊಂದರಲ್ಲಿ ಅಡಗಿದೆಯೇ ಎಂದು ಒಟ್ಟಿಗೆ ಓದಿ ನೋಡಲೇಬೇಕು.

ಬಹು ಆಯ್ಕೆ ಪ್ರಶ್ನೆಗಳಲ್ಲಿ ಕನ್ನಡದ ವ್ಯಾಕರಣವೇ ಗುಟ್ಟು ಬಿಟ್ಟುಕೊಡುವುದುಂಟು. '1824ರಲ್ಲಿ ಕಿತ್ತೂರಿನಲ್ಲಿ ಬ್ರಿಟಿಷರನ್ನು ಎದುರಿಸಿದ ಹೋರಾಟದ ನೇತೃತ್ವ ವಹಿಸಿದವಳು ಯಾರು?' ಎಂದು ಕೇಳಿ, ಚೆನ್ನಮ್ಮನ ಜೊತೆಗೆ ಹೈದರ್ ಅಲಿ, ಧೊಂಡಿಯ ವಾಘ್ ಹೆಸರು ಕೊಟ್ಟರೆ, ಇತಿಹಾಸ ಗೊತ್ತಿರಬೇಕಿಲ್ಲ, 'ವಹಿಸಿದವಳು' ಸಾಕು. 'ವಹಿಸಿದವರು' ಎಂದು ಬದಲಿಸಿದರೆ ಆ ಸುಳಿವು ಮಾಯವಾಗುತ್ತದೆ. ಸರಿಯುತ್ತರವೊಂದೇ ಉದ್ದವಾಗಿದ್ದರೂ ಇದೇ ತೊಂದರೆ.

ತಿದ್ದಿದ ಪ್ರಶ್ನೆಯನ್ನು ಪರೀಕ್ಷಿಸಲು ಎರಡು ಸುಲಭ ವಿಧಾನಗಳಿವೆ. ಆ ಪರೀಕ್ಷೆ ಬರೆಯದ, ಅದೇ ಮಟ್ಟದ ವಿದ್ಯಾರ್ಥಿಗೆ ಕೊಟ್ಟು, 'ಇಲ್ಲಿ ಏನು ಬರೆಯಬೇಕು?' ಎಂದಷ್ಟೇ ಕೇಳಿ. ಹೇಳಲಾಗದಿದ್ದರೆ ಭಾಷೆಯಲ್ಲಿ ತೊಡಕಿದೆ. ಆಮೇಲೆ ಆ ವಿಷಯ ಕಲಿಸದ ಸಹೋದ್ಯೋಗಿಗೆ ಕೊಡಿ. ಅವರು ಮಾತಿನ ಜಾಡು ಹಿಡಿದೇ ಉತ್ತರ ಹೇಳಿದರೆ ಸುಳಿವು ಸೋರುತ್ತಿದೆ.

ಸರಳಗೊಳಿಸುವುದಕ್ಕೂ ಮಿತಿಯಿದೆ. 'ದ್ಯುತಿಸಂಶ್ಲೇಷಣೆ' ಎಂಬ ಪದದ ಅರಿವನ್ನೇ ಪರೀಕ್ಷಿಸುವಾಗ ಅದನ್ನು ಬಿಡಿಸಿ ಹೇಳಿದರೆ, ಪರೀಕ್ಷಿಸಲು ಏನೂ ಉಳಿಯುವುದಿಲ್ಲ. ತೆಗೆಯಬೇಕಾದದ್ದು ವಾಕ್ಯದ ಕಷ್ಟವನ್ನು, ವಿಷಯದ ಕಷ್ಟವನ್ನಲ್ಲ.