ಬೊಜ್ಜಿನ ವಂಶವಾಹಿ: ಸುಳಿವು ಒಂದು ಕಡೆ, ಕಾರಣ ಇನ್ನೊಂದು ಕಡೆ

ಬ್ರಿಟನ್ನಿನ ವಿಜ್ಞಾನಿಗಳ ತಂಡವೊಂದು ಸಕ್ಕರೆ ಕಾಯಿಲೆಗೆ ವಂಶವಾಹಿಯ ಕಾರಣ ಹುಡುಕುತ್ತಾ ಹೋಗಿ 2007ರಲ್ಲಿ ಬೊಜ್ಜಿನ ಜಾಡು ಹಿಡಿಯಿತು. ಕಾಯಿಲೆ ಇರುವ ಸುಮಾರು 1,900 ಜನ, ಇಲ್ಲದ ಸುಮಾರು 2,900 ಜನ. ಎಲ್ಲರ ಡಿಎನ್‌ಎಯಲ್ಲೂ ಸುಮಾರು 4.9 ಲಕ್ಷ ಜಾಗಗಳನ್ನು ಓದಲಾಯಿತು. ಇವು ಒಬ್ಬರಿಂದ ಒಬ್ಬರಿಗೆ ಒಂದೇ ಅಕ್ಷರ ಬದಲಾಗುವ ಜಾಗಗಳು. ಪ್ರತಿ ಜಾಗದಲ್ಲೂ ಕೇಳಿದ್ದು ಒಂದೇ ಪ್ರಶ್ನೆ: ಈ ಅಕ್ಷರ ಕಾಯಿಲೆಯವರಲ್ಲಿ ಹೆಚ್ಚಾಗಿ ಕಾಣುತ್ತದೆಯೇ? ಇಡೀ ಜೀನೋಮನ್ನು ಹೀಗೆ ಜಾಲಾಡುವ ವಿಧಾನಕ್ಕೆ ಜೀನೋಮ್‌ವೈಡ್ ಅಸೋಸಿಯೇಷನ್ ಸ್ಟಡಿ ಎನ್ನುತ್ತಾರೆ.

ಇಷ್ಟೊಂದು ಕಡೆ ಹೋಲಿಸಿದರೆ ಆಕಸ್ಮಿಕವಾಗಿಯೇ ಎಷ್ಟೋ ಕಡೆ ವ್ಯತ್ಯಾಸ ಕಾಣಿಸುತ್ತದೆ. ಆಕಸ್ಮಿಕದ ಸಂಭವ 20ಕ್ಕೆ 1 ಇದ್ದರೆ ಸಾಕು ಎಂದುಕೊಂಡರೆ, 5 ಲಕ್ಷ ಪರೀಕ್ಷೆಗಳಲ್ಲಿ 25 ಸಾವಿರ ಸುಳ್ಳು ಸುಳಿವುಗಳು ಸಿಗುತ್ತವೆ. ಅದಕ್ಕೇ ಈ ಕ್ಷೇತ್ರದವರು ಆ ಸಂಭವ 2 ಕೋಟಿಗೆ 1ಕ್ಕಿಂತ ಕಡಿಮೆ ಇರಬೇಕು ಎಂಬ ಕಠಿಣ ಅಳತೆಗೋಲನ್ನು ಒಪ್ಪಿಕೊಂಡಿದ್ದಾರೆ.

ತಂಡಕ್ಕೆ ಸಿಕ್ಕ ಸುಳಿವು 16ನೇ ವರ್ಣತಂತುವಿನಲ್ಲಿ, ಎಫ್‌ಟಿಒ ಎಂಬ ವಂಶವಾಹಿಯೊಳಗಿತ್ತು. ಆ ಜಾಗದ ಗುರುತು rs9939609. ದೇಹತೂಕವನ್ನೂ ಲೆಕ್ಕಕ್ಕೆ ಹಿಡಿದಾಗ ಸಕ್ಕರೆ ಕಾಯಿಲೆಯ ನಂಟು ಮಾಯವಾಯಿತು. ಈ ಜಾಗದ ನೇರ ನಂಟು ತೂಕದ ಜೊತೆಗೇ ಇತ್ತು. ಯುರೋಪ್ ಮೂಲದ 38 ಸಾವಿರಕ್ಕೂ ಹೆಚ್ಚು ಜನರಲ್ಲಿ ಪರೀಕ್ಷಿಸಿದಾಗಲೂ ಅದೇ ಉತ್ತರ. ತಂದೆ ತಾಯಿ ಇಬ್ಬರಿಂದಲೂ ‘ಎ’ ಅಕ್ಷರ ಪಡೆದ ವಯಸ್ಕರು, ಒಂದನ್ನೂ ಪಡೆಯದವರಿಗಿಂತ ಸರಾಸರಿ 3 ಕಿಲೋ ಹೆಚ್ಚು ತೂಗುತ್ತಿದ್ದರು.

ಹಾಗಾದರೆ ತೂಕ ಏರಿಸುವುದು ಆ ‘ಎ’ ಅಕ್ಷರವೇ? ತೊಡಕು ಶುರುವಾಗುವುದು ಇಲ್ಲೇ. ಅಂಡಾಣು, ವೀರ್ಯಾಣು ರೂಪುಗೊಳ್ಳುವಾಗ ಜೋಡಿ ವರ್ಣತಂತುಗಳು ಕೆಲವೇ ಕಡೆ ತುಂಡಾಗಿ ಅದಲುಬದಲಾಗುತ್ತವೆ. ಹತ್ತಿರದಲ್ಲಿರುವ ಎರಡು ಜಾಗಗಳ ನಡುವೆಯೇ ಆ ತುಂಡು ಬೀಳುವುದು ಅಪರೂಪ. ಹಾಗಾಗಿ ಅಕ್ಕಪಕ್ಕದ ಅಕ್ಷರಗಳು ತಲೆತಲಾಂತರದಿಂದ ಒಟ್ಟೊಟ್ಟಿಗೇ ಬರುತ್ತವೆ. ಇದೇ ಲಿಂಕೇಜ್ ಡಿಸ್‌ಈಕ್ವಿಲಿಬ್ರಿಯಂ.

ಈ ಒಡನಾಟದಿಂದ ಉಪಕಾರವೂ ಇದೆ. ಜೀನೋಮಿನ 300 ಕೋಟಿ ಅಕ್ಷರಗಳನ್ನು ಓದಬೇಕಿಲ್ಲ. ಐದು ಲಕ್ಷ ಓದಿದರೆ ಅವುಗಳ ನೆರೆಹೊರೆಯ ಸುದ್ದಿಯೂ ಸಿಗುತ್ತದೆ. ಆದರೆ ನೆರೆಹೊರೆಯಲ್ಲಿ ಕಾರಣ ಯಾವುದು ಎಂದು ಕೇಳಿದರೆ ಅದೇ ಒಡನಾಟ ಅಡ್ಡ ಬರುತ್ತದೆ. ಒಂದೇ ನೊಗಕ್ಕೆ ಕಟ್ಟಿದ ಎತ್ತುಗಳಲ್ಲಿ ಯಾವುದು ಹೆಚ್ಚು ಎಳೆಯಿತೆಂದು ನೇಗಿಲ ಸಾಲು ನೋಡಿ ಹೇಳಲಾಗದು. ಎರಡು ಅಕ್ಷರಗಳಲ್ಲಿ ಒಂದನ್ನಷ್ಟೇ ಹೊತ್ತಿರುವ ಜನ ಸಿಕ್ಕರೆ ಮಾತ್ರ ಬೇರ್ಪಡಿಸಿ ನೋಡಬಹುದು. ಅಂಥವರು ನೂರಕ್ಕೆ ಒಬ್ಬರೋ ಇಬ್ಬರೋ ಇದ್ದರೆ, ಸಾವಿರಾರು ಜನರ ಅಧ್ಯಯನದಲ್ಲೂ ತೀರ್ಪು ಹೇಳಬಲ್ಲವರು ಬೆರಳೆಣಿಕೆಯವರೇ. ಆಫ್ರಿಕಾ ಮೂಲದವರಲ್ಲಿ ಈ ಜೋಡಿಗಳು ಹೆಚ್ಚು ಮುರಿದಿರುವುದರಿಂದ ಅವರನ್ನು ಸೇರಿಸಿಕೊಂಡ ಅಧ್ಯಯನಗಳಲ್ಲಿ ಅನುಮಾನಿತರ ಪಟ್ಟಿ ಚಿಕ್ಕದಾಗುತ್ತದೆ.

ಎಫ್‌ಟಿಒ ವಿಷಯದಲ್ಲಿ ಹೀಗೆ ಒಟ್ಟಿಗೆ ಸಾಗುವ ಅಕ್ಷರಗಳು ಹತ್ತಾರು. ಅವು ಇರುವುದು ವಂಶವಾಹಿಯ ಮೊದಲ ಇಂಟ್ರಾನಿನಲ್ಲಿ, ಅಂದರೆ ಪ್ರೋಟೀನಿನ ರಚನೆಗೆ ಬಳಕೆಯಾಗದ ಭಾಗದಲ್ಲಿ. ಆದರೂ ಜಾಗ ಎಫ್‌ಟಿಒ ಒಳಗಿದೆ ಎಂದು ದೋಷವನ್ನು ಅದರ ಮೇಲೇ ಹೊರಿಸಿದರು. 2009ರಲ್ಲಿ ಎಫ್‌ಟಿಒ ತೆಗೆದುಹಾಕಿದ ಇಲಿಗಳು ತೆಳ್ಳಗಾದದ್ದು ಆ ನಂಬಿಕೆಗೆ ಬಲ ಕೊಟ್ಟಿತು.

2014ರಲ್ಲಿ ಚಿತ್ರ ಬದಲಾಯಿತು. ಡಿಎನ್‌ಎ ಜೀವಕೋಶದೊಳಗೆ ಮಡಚಿಕೊಂಡಿರುತ್ತದೆ. ಆ ಮಡಿಕೆಯಲ್ಲಿ ಈ ಇಂಟ್ರಾನ್, ಸುಮಾರು 5 ಲಕ್ಷ ಅಕ್ಷರ ದೂರದ ಐಆರ್‌ಎಕ್ಸ್3 ಎಂಬ ಬೇರೆ ವಂಶವಾಹಿಯನ್ನು ಮುಟ್ಟುತ್ತಿತ್ತು. ಐಆರ್‌ಎಕ್ಸ್3 ಇಲ್ಲದ ಇಲಿಗಳ ತೂಕ ಶೇ. 25ರಿಂದ 30ರಷ್ಟು ಕಡಿಮೆ ಇತ್ತು.

ಮರುವರ್ಷ ಇನ್ನೊಂದು ತಂಡ 89 ಅನುಮಾನಿತ ಅಕ್ಷರಗಳನ್ನು ಜಾಲಿಸಿ rs1421085 ಎಂಬ ಒಂದನ್ನು ಆರಿಸಿತು. ಅಲ್ಲಿ ‘ಟಿ’ ಇದ್ದರೆ ಒಂದು ಪ್ರೋಟೀನ್ ಬಂದು ಕೂತು ಐಆರ್‌ಎಕ್ಸ್3 ಮತ್ತು ಐಆರ್‌ಎಕ್ಸ್5 ವಂಶವಾಹಿಗಳನ್ನು ಅಂಕೆಯಲ್ಲಿಡುತ್ತದೆ. ‘ಸಿ’ ಇದ್ದರೆ ಅದಕ್ಕೆ ಕೂರಲು ಆಗುವುದಿಲ್ಲ. ಆ ಎರಡೂ ಅಂಕೆ ಮೀರುತ್ತವೆ, ಶಕ್ತಿಯನ್ನು ಸುಟ್ಟು ಶಾಖ ಕೊಡಬೇಕಾದ ಕೊಬ್ಬಿನ ಕೋಶ ಅದನ್ನು ಕೂಡಿಡತೊಡಗುತ್ತದೆ. ‘ಸಿ’ ಹೊತ್ತವರ ಕೋಶಗಳಲ್ಲಿ ಕ್ರಿಸ್ಪರ್ ತಂತ್ರದಿಂದ ಆ ಒಂದು ಅಕ್ಷರವನ್ನಷ್ಟೇ ‘ಟಿ’ಗೆ ತಿದ್ದಿದಾಗ ಶಾಖ ಕೊಡುವ ಗುಣ ಮರಳಿತು. ಅಂಕಿಅಂಶ ಬೇರ್ಪಡಿಸಲಾಗದ್ದನ್ನು ಈ ತಿದ್ದುಪಡಿ ಬೇರ್ಪಡಿಸಿತು: ನೆರೆಯ ಅಕ್ಷರಗಳೆಲ್ಲ ಇದ್ದಂತೆಯೇ ಇದ್ದವು, ಬದಲಾದದ್ದು ಒಂದೇ. ಮಿದುಳಿನ ಮೂಲಕ ಹಸಿವಿನ ಮೇಲೂ ಈ ಪ್ರದೇಶದ ಪ್ರಭಾವವಿದೆಯೇ, ಎಷ್ಟು ಎಂಬ ಚರ್ಚೆ ಮಾತ್ರ ಇನ್ನೂ ಮುಗಿದಿಲ್ಲ.

ಆದ್ದರಿಂದ ‘ಇಂಥ ಕಾಯಿಲೆಯ ವಂಶವಾಹಿ ಪತ್ತೆ’ ಎಂಬ ಸುದ್ದಿ ಓದಿದಾಗ ಎರಡು ವಿಷಯ ಗಮನಿಸಿ. ಪತ್ತೆಯಾದದ್ದು ಜಾಗವೋ, ಕಾರಣವೋ? ಆ ಒಂದು ಅಕ್ಷರವನ್ನಷ್ಟೇ ಬದಲಿಸಿ ಯಾರಾದರೂ ನೋಡಿದ್ದಾರೆಯೇ? ಎರಡನೆಯದಕ್ಕೆ ಉತ್ತರ ಇಲ್ಲದಿದ್ದರೆ, ಸುದ್ದಿಯಲ್ಲಿ ಹೆಸರು ಬಂದ ವಂಶವಾಹಿ ಸದ್ಯಕ್ಕೆ ಅನುಮಾನಿತ ಮಾತ್ರ, ಅಪರಾಧಿಯಲ್ಲ.