ತಲುಪದೇ ಹೋದ ಇಮೇಲ್‌ಗಳು

2017ರ ಜನವರಿ 31ರ ತಡರಾತ್ರಿ. ಇನ್ನೇನು ಎದ್ದು ಮಲಗಬೇಕು ಎಂದುಕೊಂಡಿದ್ದ ಗಿಟ್‌ಲ್ಯಾಬ್ ಕಂಪನಿಯ ಎಂಜಿನಿಯರ್ ಒಬ್ಬರಿಗೆ ಡೇಟಾಬೇಸ್ ಕೈಕೊಟ್ಟಿತು. ಗಿಟ್‌ಲ್ಯಾಬ್ ಅಂದರೆ ಸಾಫ್ಟ್‌ವೇರ್ ಬರೆಯುವವರು ತಮ್ಮ ಕೋಡ್ ಇಟ್ಟು, ಅದರ ಬಗ್ಗೆ ಚರ್ಚಿಸುವ ತಾಣ. ಅದರ ಹಿಂದೆ ಎರಡು ಸರ್ವರ್‌ಗಳಿದ್ದವು: ಮುಖ್ಯವಾದದ್ದು db1, ಅದರ ನಕಲು db2. db1ನಲ್ಲಿ ಆಗುವ ಪ್ರತಿ ಬದಲಾವಣೆಯೂ ಒಂದು ದಿನಚರಿಯಲ್ಲಿ ದಾಖಲಾಗುತ್ತದೆ. db2 ಅದನ್ನು ಓದಿಕೊಂಡು ತಾನೂ ಹಾಗೇ ಬದಲಾಗುತ್ತದೆ. ಆ ರಾತ್ರಿ ಸ್ಪ್ಯಾಮ್ ಹಾವಳಿಯಿಂದ ಹೊರೆ ಹೆಚ್ಚಿ, db2 ಓದುವ ಮೊದಲೇ ದಿನಚರಿಯ ಹಳೆಯ ಪುಟಗಳು ಅಳಿಸಿಹೋದವು. ನಕಲು ಅಲ್ಲಿಗೇ ನಿಂತಿತು.

ಇದಕ್ಕೆ ಮದ್ದು ಸರಳ. db2ನಲ್ಲಿರುವುದನ್ನೆಲ್ಲ ಖಾಲಿ ಮಾಡಿ, db1ನಿಂದ ಹೊಸದಾಗಿ ನಕಲಿಸುವುದು. ಆದರೆ ನಕಲಿಸುವ ಆಜ್ಞೆ ಕೊಟ್ಟರೆ ಪರದೆ ಮೂಕವಾಗಿ ಕೂತಿತು. ನಿಜಕ್ಕೂ ಅದು db1ನ ಕಡೆಯಿಂದ ಡೇಟಾ ಬರಲಿ ಎಂದು ಕಾಯುತ್ತಿತ್ತು, ಅಷ್ಟೆ. ಕಾಯುತ್ತಿದ್ದೇನೆ ಎಂದು ಹೇಳುವ ಗುಣ ಅದಕ್ಕಿರಲಿಲ್ಲ. ಫೋಲ್ಡರ್‌ನಲ್ಲಿ ಏನೋ ಉಳಿದು ಅಡ್ಡಿಯಾಗಿರಬೇಕು ಎಂದುಕೊಂಡ ಎಂಜಿನಿಯರ್ ಅದನ್ನು ಅಳಿಸಿದರು. ಒಂದೆರಡು ಸೆಕೆಂಡಿನಲ್ಲೇ ಎದೆ ಧಸಕ್ಕೆಂದಿತು: ಅವರು ಇದ್ದದ್ದು db1ನಲ್ಲಿ. ತಕ್ಷಣ ನಿಲ್ಲಿಸಿದರೂ ಸುಮಾರು 300 ಜಿಬಿಯಲ್ಲಿ ಉಳಿದದ್ದು 4.5 ಜಿಬಿ.

ಆಗ ಬೆಂಗಳೂರಿನಲ್ಲಿ ಬೆಳಗಿನ ಜಾವ ಐದು. ತಾಣ ಮತ್ತೆ ತೆರೆದದ್ದು ಅದೇ ದಿನ ರಾತ್ರಿ ಹನ್ನೊಂದೂವರೆಗೆ. ಇಲ್ಲಿ ಅದನ್ನು ನೆಚ್ಚಿಕೊಂಡವರಿಗೆ ಫೆಬ್ರುವರಿ 1ರ ಇಡೀ ಕೆಲಸದ ದಿನ ಹೋಯಿತು.

ಇಂಥ ರಾತ್ರಿಯ ಮರುದಿನ ಮ್ಯಾನೇಜರ್‌ಗೆ ಒಂದು ಇಮೇಲ್ ಬರೆಯಲೇಬೇಕು. ಐಟಿ ಕಚೇರಿಗಳಲ್ಲಿ ಇದಕ್ಕೆ ಇನ್ಸಿಡೆಂಟ್ ರಿಪೋರ್ಟ್ ಎನ್ನುತ್ತಾರೆ. ಮ್ಯಾನೇಜರ್ ಮೊದಲು ಹುಡುಕುವುದು ಹಾನಿಯ ಲೆಕ್ಕವನ್ನು. ಗಿಟ್‌ಲ್ಯಾಬ್ ವಿಷಯದಲ್ಲಾದರೆ ಆರಂಭ ಹೀಗಿರಬಹುದಿತ್ತು: ‘ತಾಣ ಸುಮಾರು 18 ಗಂಟೆ ನಿಂತಿತ್ತು. ಜನವರಿ 31ರ ಸಂಜೆ 5.20ರ ನಂತರ ಸೇರಿದ ಸುಮಾರು 5,000 ಪ್ರಾಜೆಕ್ಟ್‌ಗಳ ದಾಖಲೆ, 5,000 ಕಾಮೆಂಟ್, 700 ಬಳಕೆದಾರರ ಖಾತೆ ಹೋಗಿವೆ. ಜನರ ಕೋಡ್ ಬೇರೆ ಕಡೆ ಇದ್ದುದರಿಂದ ಸುರಕ್ಷಿತವಾಗಿದೆ.’ ಜೊತೆಗೆ ಗಡಿಯಾರ ಯಾವುದೆಂದೂ ಹೇಳಬೇಕು. ಇಲ್ಲಿನ ಸಮಯ ಯುಟಿಸಿ. ನಮ್ಮ ಗಡಿಯಾರ ಅದಕ್ಕಿಂತ ಐದೂವರೆ ಗಂಟೆ ಮುಂದೆ.

ಕಾರಣದ ಜಾಗದಲ್ಲಿ ‘ತಪ್ಪು ಸರ್ವರ್‌ನಲ್ಲಿ ಅಳಿಸಲಾಯಿತು’ ಎಂದು ಬರೆದು ಮುಗಿಸಲು ಯಾರಿಗಾದರೂ ಮನಸ್ಸಾಗುತ್ತದೆ. ಗಿಟ್‌ಲ್ಯಾಬ್‌ನವರು ಹಾಗೆ ಮಾಡದೆ ಮಗುವಿನಂತೆ ‘ಯಾಕೆ?’ ಎಂದು ಮತ್ತೆ ಮತ್ತೆ ಕೇಳಿಕೊಂಡರು.

ಅಳಿಸಿದ್ದಾಯಿತು, ಬ್ಯಾಕಪ್‌ನಿಂದ ಯಾಕೆ ತರಲಿಲ್ಲ? ದಿನಕ್ಕೊಮ್ಮೆ ಬ್ಯಾಕಪ್ ಹೋಗಿ ಸೇರಬೇಕಿದ್ದ ಜಾಗವನ್ನು ತೆರೆದು ನೋಡಿದರೆ ಖಾಲಿ. ಯಾಕೆ ಖಾಲಿ? ಡೇಟಾಬೇಸ್ ಓಡುತ್ತಿದ್ದದ್ದು ಪೋಸ್ಟ್‌ಗ್ರೆಸ್‌ನ 9.6 ಆವೃತ್ತಿಯಲ್ಲಿ, ಬ್ಯಾಕಪ್ ತೆಗೆಯುತ್ತಿದ್ದದ್ದು 9.2ರ ಸಲಕರಣೆ. ಹೊಸದರ ಬ್ಯಾಕಪ್ ತೆಗೆಯಲು ಹಳೆಯದು ಒಪ್ಪುವುದಿಲ್ಲ. ಪ್ರತಿ ಸಲವೂ ಸೋಲುತ್ತಿತ್ತು. ಹಾಗಾದರೆ ಸೋತದ್ದು ಯಾರಿಗೂ ಯಾಕೆ ಗೊತ್ತಾಗಲಿಲ್ಲ? ಸೋತಾಗಲೆಲ್ಲ ಎಚ್ಚರಿಕೆಯ ಇಮೇಲ್ ಹೊರಡುತ್ತಿತ್ತು. ಆದರೆ ಅದು ಅಧಿಕೃತವೆಂದು ತೋರಿಸುವ ಡಿಜಿಟಲ್ ಸಹಿ ಅದರಲ್ಲಿ ಇರದಿದ್ದರಿಂದ, ಪಡೆಯುವ ಕಡೆಯವರು ಅದನ್ನು ತಿರಸ್ಕರಿಸುತ್ತಿದ್ದರು. ಬ್ಯಾಕಪ್ ಕೂಡ ಮೂಕ!

ಬ್ಯಾಕಪ್‌ನಿಂದ ಡೇಟಾ ಮರಳಿ ಬರುತ್ತದೆಯೇ ಎಂದು ಯಾರೂ ಯಾಕೆ ಪರೀಕ್ಷಿಸಿರಲಿಲ್ಲ? ಇದಕ್ಕೆ ವರದಿ ಕೊಟ್ಟ ಉತ್ತರವೇ ಮ್ಯಾನೇಜರ್ ಎದೆಗೆ ನಾಟುವಂಥದ್ದು: ಅದು ಇಂಥವರ ಕೆಲಸ ಎಂದು ಯಾರಿಗೂ ಒಪ್ಪಿಸಿರಲಿಲ್ಲ. ವರದಿಯಲ್ಲಿ ಎಂಜಿನಿಯರ್ ಹೆಸರೂ ಇಲ್ಲ. ಹೆಸರು ಹಾಕಿದ್ದರೆ ಹುಡುಕಾಟ ಬಹುಶಃ ಅಲ್ಲಿಗೇ ನಿಲ್ಲುತ್ತಿತ್ತು.

ಕಡೆಗೆ ಕಾಪಾಡಿದ್ದು ಅದೃಷ್ಟ. ಅದೇ ಸಂಜೆ ಬೇರೊಂದು ಪ್ರಯೋಗಕ್ಕೆಂದು ಡೇಟಾಬೇಸ್‌ನ ಒಂದು ಸ್ನ್ಯಾಪ್‌ಶಾಟ್ ತೆಗೆದು ಪರೀಕ್ಷಾ ಸರ್ವರ್‌ಗೆ ಹಾಕಿದ್ದರು. ಅದೂ ಇರದಿದ್ದರೆ ಸುಮಾರು ಇಡೀ ದಿನದ್ದು ಹೋಗುತ್ತಿತ್ತು. ಅಲ್ಲಿನ ಡಿಸ್ಕ್ ತೀರಾ ನಿಧಾನವಾಗಿದ್ದರಿಂದ ಮರಳಿ ನಕಲಿಸಲು ಅಷ್ಟು ಗಂಟೆ ಹಿಡಿಯಿತು.

ಇನ್ನು ಮುಂದೆ ಹೀಗಾಗದಂತೆ ಏನು ಮಾಡುತ್ತೀರಿ ಎಂಬುದಕ್ಕೆ ‘ಎಚ್ಚರಿಕೆಯಿಂದ ಇರುತ್ತೇವೆ’ ಎಂಬುದು ಉತ್ತರವಲ್ಲ. ನಡುರಾತ್ರಿಯ ನಿದ್ದೆಗಣ್ಣಿಗೆ ಎಚ್ಚರಿಕೆ ಎಲ್ಲಿಂದ ಬರಬೇಕು? ಗಿಟ್‌ಲ್ಯಾಬ್ ಪಟ್ಟಿ ಮಾಡಿದ್ದು ಯಂತ್ರಗಳಿಗೆ ಹೇಳುವ ಕೆಲಸಗಳನ್ನು: ಯಾವ ಸರ್ವರ್‌ನಲ್ಲಿ ಇದ್ದೀರಿ ಎಂಬುದು ಪರದೆಯಲ್ಲೇ ಎದ್ದು ಕಾಣಬೇಕು, ಸ್ನ್ಯಾಪ್‌ಶಾಟ್ ಗಂಟೆಗೊಮ್ಮೆ ಆಗಬೇಕು, ಬ್ಯಾಕಪ್ ಮರಳಿ ತೆರೆಯುತ್ತದೆಯೇ ಎಂಬ ಪರೀಕ್ಷೆ ತಾನಾಗಿಯೇ ನಡೆಯಬೇಕು. ಮನುಷ್ಯರಿಗೆಂದೂ ಒಂದು ಕೆಲಸವಿತ್ತು, ಡೇಟಾ ಉಳಿಸಿಕೊಳ್ಳುವ ಹೊಣೆಗೆ ಒಬ್ಬರನ್ನು ಗೊತ್ತು ಮಾಡುವುದು.